ಸರ್ಕಾರಿ ಆದೇಶವನ್ನು ಸರಳ ಕನ್ನಡಕ್ಕೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಹೆಚ್ಚಾಗಿ ಕಚೇರಿಗಳ ವಿಷಯ ನಿರ್ವಾಹಕರು, ಪಂಚಾಯಿತಿ ಸಿಬ್ಬಂದಿ, ಊರಿನ ನೋಟಿಸ್ ಬೋರ್ಡಿಗೆ ಬರೆದು ಹಾಕುವವರು ಮತ್ತು ವರದಿಗಾರರು ಕೇಳಿದವು. ಉತ್ತರಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ. ಕೆಳಗಿನ ಆದೇಶ ನಿಜವಾದದ್ದಲ್ಲ, ಅಭ್ಯಾಸಕ್ಕೆ ಕಟ್ಟಿದ್ದು. ಆದರೆ ಇದರ ಧಾಟಿ ನಿಮಗೆ ಚೆನ್ನಾಗಿ ಗೊತ್ತಿರುವುದೇ.

> ಪ್ರಸ್ತಾವನೆಯಲ್ಲಿ ವಿವರಿಸಲಾದ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಅತಿವೃಷ್ಟಿಯಿಂದ ಭಾಗಶಃ ಹಾನಿಗೊಳಗಾದ ವಾಸದ ಮನೆಗಳ ಮಾಲೀಕರುಗಳಿಗೆ ಈ ಕೆಳಕಂಡ ಷರತ್ತುಗಳಿಗೊಳಪಟ್ಟು ರೂ. 50,000/- ಗಳನ್ನು ಮೀರದಂತೆ ಪರಿಹಾರ ಧನವನ್ನು ಮಂಜೂರು ಮಾಡುವ ಅಧಿಕಾರವನ್ನು ಸಂಬಂಧಪಟ್ಟ ತಹಶೀಲ್ದಾರರುಗಳಿಗೆ ಪ್ರತ್ಯಾಯೋಜಿಸಿ ಆದೇಶಿಸಲಾಗಿದೆ.
>
> 1. ಸದರಿ ಪರಿಹಾರ ಧನಕ್ಕಾಗಿ ಹಾನಿ ಸಂಭವಿಸಿದ ದಿನಾಂಕದಿಂದ 30 ದಿನಗಳೊಳಗಾಗಿ ಅರ್ಜಿಯನ್ನು ಸಲ್ಲಿಸತಕ್ಕದ್ದು. ಪರಂತು, ವಿಳಂಬಕ್ಕೆ ಸಮರ್ಥನೀಯ ಕಾರಣಗಳಿದ್ದಲ್ಲಿ, ತದನಂತರದ 15 ದಿನಗಳೊಳಗೆ ಸ್ವೀಕೃತವಾದ ಅರ್ಜಿಗಳನ್ನು ತಹಶೀಲ್ದಾರರು ಕಾರಣಗಳನ್ನು ಲಿಖಿತದಲ್ಲಿ ದಾಖಲಿಸಿ ಪರಿಗಣಿಸಬಹುದು.
>
> 2. ಹಾನಿಯ ಪ್ರಮಾಣವನ್ನು ಕಂದಾಯ ನಿರೀಕ್ಷಕರು ಹಾಗೂ ಸಹಾಯಕ ಇಂಜಿನಿಯರ್ ಇವರು ಜಂಟಿಯಾಗಿ ಸ್ಥಳ ಪರಿಶೀಲನೆ ನಡೆಸಿ ದೃಢೀಕರಿಸತಕ್ಕದ್ದು.
>
> 3. ಇದೇ ಹಾನಿಗಾಗಿ ಅನ್ಯ ಯಾವುದೇ ಯೋಜನೆಯಡಿ ಪರಿಹಾರವನ್ನು ಪಡೆದಿರುವವರು ಅರ್ಹರಾಗತಕ್ಕದ್ದಲ್ಲ.
>
> 4. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳ ವಿಧವೆಯರು ಹಾಗೂ ಹಿರಿಯ ನಾಗರಿಕರಿಗೆ ಆದ್ಯತೆ ನೀಡತಕ್ಕದ್ದು.

## ಶುರು ಮಾಡುವ ಮುಂಚೆ

ಸರ್ಕಾರಿ ಆದೇಶವನ್ನು ನಾನು ನನ್ನ ಮಾತಲ್ಲಿ ಬರೆದು ಹಾಕಿದರೆ ಅದಕ್ಕೆ ಕಾನೂನಿನ ಬೆಲೆ ಇರುತ್ತಾ?

ಇರುವುದಿಲ್ಲ. ನೀವು ಬರೆದದ್ದು ವಿವರಣೆ, ಆದೇಶವಲ್ಲ. ಹಾಗಂತ ಅದರಿಂದ ತೊಂದರೆ ಆಗುವುದಿಲ್ಲ ಅಂತಲ್ಲ. ಜನ ಓದುವುದು ನಿಮ್ಮ ನೋಟಿಸನ್ನೇ. ಅದನ್ನು ನಂಬಿ ಯಾರೋ ಒಬ್ಬರು ಅರ್ಜಿ ಹಾಕದೆ ಉಳಿದರೆ, ನಷ್ಟ ಅವರದ್ದೇ.

ಹಾಗಾಗಿ ಮೇಲ್ಗಡೆ ಆದೇಶದ ಸಂಖ್ಯೆ, ದಿನಾಂಕ, ಇಲಾಖೆಯ ಹೆಸರು ಹಾಕಿ. "ಇದು ತಿಳಿವಳಿಕೆಗಾಗಿ ಬರೆದದ್ದು. ವ್ಯತ್ಯಾಸ ಕಂಡರೆ ಮೂಲ ಆದೇಶವೇ ಅಂತಿಮ" ಅಂತ ಒಂದು ಸಾಲು ಸೇರಿಸಿ. ಆದರೆ ಈ ಸಾಲು ಇದೆಯಲ್ಲ ಅಂತ ಕೈ ಸಡಿಲ ಬಿಡುವ ಹಾಗಿಲ್ಲ.

ಆದೇಶದ ಕರಡನ್ನೇ ನೀವು ಸರಳ ಕನ್ನಡದಲ್ಲಿ ಬರೆದು, ಅದಕ್ಕೇ ಸಹಿ ಬಿದ್ದರೆ ಮಾತು ಬೇರೆ. ಆಗ ಅದೇ ಆದೇಶ. 'ತಕ್ಕದ್ದು' ಇಲ್ಲ ಅನ್ನುವ ಕಾರಣಕ್ಕೆ ಆದೇಶದ ಬಲ ಕಡಿಮೆಯಾಗುವುದಿಲ್ಲ. ಒಮ್ಮೆ ಹೊರಟ ಆದೇಶದಲ್ಲಿ ಮಾತ್ರ ಯಾರೂ ಪದ ಬದಲಿಸುವಂತಿಲ್ಲ. ಅದಕ್ಕೆ ತಿದ್ದುಪಡಿ ಆದೇಶವೋ ತಿದ್ದೋಲೆಯೋ ಹೊರಡಬೇಕು.

ಆದೇಶದಲ್ಲಿ ನಾಲ್ಕು ಪುಟ ಇದೆ. ಎಲ್ಲವನ್ನೂ ಬರೆಯಬೇಕಾ?

ಬೇಡ. ಆದರೆ ಯಾವ ಭಾಗ ಏನು ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದೆ ಕತ್ತರಿ ಹಾಕಬೇಡಿ. 'ಓದಲಾಗಿದೆ' ಅನ್ನುವ ಕಡೆ ಹಿಂದಿನ ಆದೇಶ, ಪತ್ರಗಳ ಪಟ್ಟಿ ಇರುತ್ತದೆ. 'ಪ್ರಸ್ತಾವನೆ'ಯಲ್ಲಿ ಈ ಆದೇಶ ಯಾಕೆ ಬೇಕಾಯಿತು ಅನ್ನುವ ಕಥೆ. ನಿಜವಾಗಿ ಕಟ್ಟುಪಾಡು ಹಾಕುವುದು 'ಸರ್ಕಾರಿ ಆದೇಶ ಸಂಖ್ಯೆ' ಅಂತ ಬಂದಮೇಲಿನ ಭಾಗ. ಜನರಿಗೆ ಬೇಕಾದದ್ದು ಅದು. ಅದನ್ನು ಮೊದಲು ಬರೆಯಿರಿ.

ಪ್ರಸ್ತಾವನೆಯನ್ನು ಒಂದೆರಡು ಸಾಲಿಗೆ ಇಳಿಸಬಹುದು, ಆದರೆ ಓದದೆ ಬಿಡಬಾರದು. 'ಅತಿವೃಷ್ಟಿ' ಅಂದರೆ ಯಾವ ತಿಂಗಳ ಮಳೆ, ಯಾವ ಜಿಲ್ಲೆಗಳದ್ದು ಅನ್ನುವುದು ಎಷ್ಟೋ ಸಲ ಪ್ರಸ್ತಾವನೆಯಲ್ಲೇ ಅಡಗಿರುತ್ತದೆ. ಅದನ್ನು ಬಿಟ್ಟು ಬರೆದರೆ ಒಂದು ಜಿಲ್ಲೆಯ ಆದೇಶ ಇಡೀ ರಾಜ್ಯಕ್ಕೆ ಹಬ್ಬುತ್ತದೆ. 'ಓದಲಾಗಿದೆ' ಪಟ್ಟಿಯಲ್ಲಿ ಹಳೆಯ ಆದೇಶವಿದ್ದು, ಹೊಸದು ಅದಕ್ಕೆ ತಿದ್ದುಪಡಿಯಾಗಿದ್ದರೆ, ಎರಡನ್ನೂ ಜೊತೆಗಿಟ್ಟುಕೊಳ್ಳದೆ ಬರೆಯಲು ಕೂರಬೇಡಿ.

ಕೊನೆಯಲ್ಲಿ ಬರುವ 'ಕರ್ನಾಟಕ ರಾಜ್ಯಪಾಲರ ಆಜ್ಞಾನುಸಾರ ಮತ್ತು ಅವರ ಹೆಸರಿನಲ್ಲಿ' ಅನ್ನುವುದು ಅಲಂಕಾರವಲ್ಲ. ಸರ್ಕಾರದ ಆದೇಶಗಳು ರಾಜ್ಯಪಾಲರ ಹೆಸರಿನಲ್ಲಿ ಹೊರಡಬೇಕು ಅಂತ ಸಂವಿಧಾನದ 166ನೇ ಅನುಚ್ಛೇದ ಹೇಳುತ್ತದೆ. ಜನರ ನೋಟಿಸಿಗೆ ಅದು ಬೇಕಿಲ್ಲ. ಆದೇಶದ ಕರಡು ಬರೆಯುತ್ತಿದ್ದರೆ ಆ ಸಾಲನ್ನು ಮುಟ್ಟಬೇಡಿ.

ಕಷ್ಟದ ಪದ ಕಂಡಲ್ಲೆಲ್ಲ ತೆಗೆದುಬಿಡಲಾ?

ಮೊದಲು ಮೂರು ಗುಂಪು ಮಾಡಿಕೊಳ್ಳಿ. ಒಂದು, ಸುಮ್ನೆ ಗಾಂಭೀರ್ಯಕ್ಕೆ ಬಂದು ಕೂತವು: ಸದರಿ, ಮೇಲ್ಕಂಡ, ತದನಂತರದ, ತತ್ಸಂಬಂಧ, ಕೂಲಂಕಷವಾಗಿ. ಇವನ್ನು ಧೈರ್ಯವಾಗಿ ಬದಲಿಸಿ ಅಥವಾ ತೆಗೆಯಿರಿ. 'ಸದರಿ' ಇರುವ ಕಡೆ ಮಾತ್ರ ಯಾವುದರ ಬಗ್ಗೆ ಹೇಳುತ್ತಿದೆ ಅಂತ ನೋಡಿ, ಅದರ ಹೆಸರನ್ನೇ ಬರೆಯಿರಿ. 'ಅದು', 'ಇದು' ಅಂತ ಹಾಕಿದರೆ ಗೊಂದಲ ಹಾಗೇ ಉಳಿಯುತ್ತದೆ.

ಎರಡು, ಸರ್ಕಾರಿ ಪದವೇ ಆದರೂ ಜನರ ಬಾಯಲ್ಲಿ ಆಗಲೇ ಇರುವಂಥವು: ಅರ್ಜಿ, ಮಂಜೂರು, ತಹಶೀಲ್ದಾರ್, ಪಹಣಿ, ಖಾತೆ, ಜಪ್ತಿ. ಇವನ್ನು ಹಾಗೇ ಬಿಡಿ. 'ಪಹಣಿ'ಗೆ ಬದಲಾಗಿ ಅಚ್ಚಗನ್ನಡದ ಹೊಸ ಪದ ಹುಡುಕಲು ಹೊರಟರೆ ರೈತರಿಗೇ ಅರ್ಥವಾಗದ ಸರಳ ಕನ್ನಡ ಹುಟ್ಟುತ್ತದೆ!

ಮೂರು, ಗೆರೆ ಎಳೆಯುವ ಪದಗಳು. ಯಾರು ಒಳಗೆ, ಯಾರು ಹೊರಗೆ ಅಂತ ಇವು ತೀರ್ಮಾನಿಸುತ್ತವೆ. ನಮ್ಮ ಉದಾಹರಣೆಯಲ್ಲಿ 'ಅತಿವೃಷ್ಟಿ', 'ಭಾಗಶಃ', 'ವಾಸದ ಮನೆ', 'ಮಾಲೀಕರು' ಈ ಗುಂಪಿನವು. 'ಮಳೆಗೆ ಮನೆ ಹಾಳಾದವರಿಗೆ ಪರಿಹಾರ' ಅಂತ ಬರೆದರೆ ಓದಲು ಸಲೀಸು. ಆದರೆ ಬಾಡಿಗೆದಾರರು ಒಳಗೆ ಬಂದರು, ಮಾಮೂಲಿ ಮಳೆಯೂ ಬಂತು, ಪೂರ್ತಿ ಕುಸಿದ ಮನೆಯೂ ಸೇರಿತು. ದನದ ಕೊಟ್ಟಿಗೆಯವರೂ ಅರ್ಜಿ ಹಿಡಿದು ಬರುತ್ತಾರೆ. ಇಂಥ ಪದವನ್ನು ಉಳಿಸಿಕೊಂಡು, ಬೇಕಾದರೆ ಪಕ್ಕದಲ್ಲೇ ಬಿಡಿಸಿ ಹೇಳಿ.

## ವಾಕ್ಯ ಬಿಡಿಸುವುದು

'ತಕ್ಕದ್ದು' ತೆಗೆದರೆ ಕಾನೂನಿನ ಬಿಗಿ ಹೋಗಲ್ವಾ?

ಬಿಗಿ ಇರುವುದು ಪದದ ಠೀವಿಯಲ್ಲಲ್ಲ, ಕಡ್ಡಾಯವೋ ಐಚ್ಛಿಕವೋ ಅನ್ನುವುದರಲ್ಲಿ. 'ಸಲ್ಲಿಸತಕ್ಕದ್ದು' ಅನ್ನುವುದನ್ನು 'ಸಲ್ಲಿಸಬೇಕು' ಅಂದರೆ ಒಂದಿಷ್ಟೂ ಸಡಿಲವಾಗುವುದಿಲ್ಲ. ಎಡವುವುದು ಬೇರೆ ಮೂರು ಕಡೆ.

ಮೊದಲನೆಯದು ನಿಷೇಧ. 'ತಕ್ಕದ್ದಲ್ಲ' ಅಂದರೆ 'ಕೂಡದು', 'ಬಾರದು' ಅಂತ. ಅವಸರದಲ್ಲಿ ಅದು 'ಬೇಕಾಗಿಲ್ಲ' ಆಗಿಬಿಡುತ್ತದೆ. 'ಶುಲ್ಕ ವಸೂಲಿ ಮಾಡತಕ್ಕದ್ದಲ್ಲ' ಅಂದರೆ ವಸೂಲಿ ಮಾಡಬಾರದು. 'ವಸೂಲಿ ಮಾಡಬೇಕಾಗಿಲ್ಲ' ಅಂತ ಬರೆದರೆ, ಮಾಡಿದರೂ ನಡೆಯುತ್ತದೆ ಅಂತ ಅರ್ಥ ಬರುತ್ತದೆ.

ಎರಡನೆಯದು 'ಬಹುದು'. 'ತಹಶೀಲ್ದಾರರು ಪರಿಗಣಿಸಬಹುದು' ಅಂದರೆ ಅವರಿಗೆ ಆ ಅಧಿಕಾರವಿದೆ, ಬಳಸುವುದು ಬಿಡುವುದು ಅವರ ವಿವೇಚನೆ. ಇದನ್ನು 'ಪರಿಗಣಿಸುತ್ತಾರೆ' ಅಂತ ಬರೆದರೆ ನೀವು ಜನರಿಗೆ ಸರ್ಕಾರ ಕೊಡದ ಮಾತು ಕೊಟ್ಟ ಹಾಗೆ. ಮಾತಿನಲ್ಲಿ 'ಬಹುದು'ಗೆ ಇನ್ನೊಂದು ಮುಖವೂ ಇದೆ. 'ನಾಳೆ ಮಳೆ ಬರಬಹುದು' ಅನ್ನುವಾಗ ಅದು ಬರೀ ಸಂಭವ. ಎರಡೂ ಬೆರೆಯುವ ಭಯವಿದ್ದರೆ 'ಪರಿಗಣಿಸುವ ಅಧಿಕಾರ ತಹಶೀಲ್ದಾರರಿಗೆ ಇದೆ' ಅಂತ ಬಿಡಿಸಿ ಬರೆಯಿರಿ.

ಮೂರನೆಯದು ಅತಿ ವಿನಯ. 'ದಯವಿಟ್ಟು 30 ದಿನದೊಳಗೆ ಅರ್ಜಿ ಕೊಡಿ' ಅಂತ ಬರೆದರೆ ಓದಿದವರು ಅದನ್ನು ಕೋರಿಕೆ ಅಂದುಕೊಳ್ಳುತ್ತಾರೆ. ಗಡುವು ಕೋರಿಕೆಯಲ್ಲ, ಅಲ್ವಾ?

ಒಂದೇ ವಾಕ್ಯ ಅರ್ಧ ಪುಟ ಇರುತ್ತೆ. ಎಲ್ಲಿ ಕತ್ತರಿಸೋದು?

ಮೊದಲು ಕೊನೆಯ ಕ್ರಿಯಾಪದಕ್ಕೆ ಹೋಗಿ. ಕನ್ನಡ ವಾಕ್ಯದ ಗುಟ್ಟು ಅಲ್ಲೇ. ನಮ್ಮ ಮೊದಲ ವಾಕ್ಯ ಮುಗಿಯುವುದು 'ಅಧಿಕಾರವನ್ನು ಪ್ರತ್ಯಾಯೋಜಿಸಿ ಆದೇಶಿಸಲಾಗಿದೆ' ಅಂತ. ಅಂದರೆ ಈ ಆದೇಶ ಯಾರಿಗೂ ನೇರವಾಗಿ ಹಣ ಕೊಡುತ್ತಿಲ್ಲ. ಹಣ ಮಂಜೂರು ಮಾಡುವ ಅಧಿಕಾರವನ್ನು ತಹಶೀಲ್ದಾರರಿಗೆ ವಹಿಸಿಕೊಡುತ್ತಿದೆ, ಅಷ್ಟೇ. ನಡುವಿನ 'ಪರಿಹಾರ ಧನ' ಕಣ್ಣಿಗೆ ಹೊಡೆಯುವುದರಿಂದ 'ಮನೆಗೆ 50 ಸಾವಿರ ಪರಿಹಾರ' ಅನ್ನುವ ತಲೆಬರಹ ಹುಟ್ಟುತ್ತದೆ.

ಕೊನೆ ಸಿಕ್ಕಮೇಲೆ ಹಿಂದಕ್ಕೆ ಬನ್ನಿ. ಏನು ಮಾಡುವ ಅಧಿಕಾರ? ಪರಿಹಾರ ಧನ ಮಂಜೂರು ಮಾಡುವುದು. ಎಷ್ಟರವರೆಗೆ? 50,000 ಮೀರದಂತೆ. ಯಾರಿಗೆ? ಮಾಲೀಕರಿಗೆ. ಯಾವ ಮನೆಯ ಮಾಲೀಕರಿಗೆ? ಭಾಗಶಃ ಹಾನಿಯಾದ ವಾಸದ ಮನೆ. ಹಾನಿ ಯಾವುದರಿಂದ? ಅತಿವೃಷ್ಟಿಯಿಂದ. ಹೇಗೆ? ಷರತ್ತುಗಳಿಗೆ ಒಳಪಟ್ಟು. ಈ ಆರು ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎರಡು ವಾಕ್ಯ ಮಾಡಿ, ಮೂರು ಮಾಡಿ, ಆರೂ ಬಂದಿವೆಯಾ ಅಂತ ಗುರುತು ಹಾಕುತ್ತಾ ಹೋಗಿ.

ಕತ್ತರಿಸುವಾಗ ಕಳಚಿ ಬೀಳುವುದು ಹೆಚ್ಚಾಗಿ 'ಷರತ್ತುಗಳಿಗೊಳಪಟ್ಟು' ಅನ್ನುವುದು. ಮೂಲದಲ್ಲಿ ಅದು ಮಂಜೂರಾತಿಗೆ ಅಂಟಿಕೊಂಡಿದೆ. ನೀವು ಮೊದಲ ವಾಕ್ಯದಲ್ಲಿ ಹಣದ ಮಾತು ಮುಗಿಸಿ, ಎರಡು ಪ್ಯಾರಾ ಬಿಟ್ಟು ಷರತ್ತು ಬರೆದರೆ ಅವು ಸಲಹೆಗಳ ಹಾಗೆ ಕಾಣುತ್ತವೆ. ಹಣದ ವಾಕ್ಯದ ಬೆನ್ನಿಗೇ 'ಇದಕ್ಕೆ ನಾಲ್ಕು ಷರತ್ತುಗಳಿವೆ' ಅಂತ ಬರಲಿ.

'ಮೀರದಂತೆ'ಗೆ ನಾನು 'ಹೆಚ್ಚೆಂದರೆ' ಅಂತ ಬಳಸುತ್ತೇನೆ. '50,000 ರೂಪಾಯಿವರೆಗೆ' ಅಂದರೂ ತಪ್ಪಿಲ್ಲ, ಆದರೆ ಓದುವವರ ಕಣ್ಣು ಅಂಕಿಯ ಮೇಲೆ ನಿಂತು 'ವರೆಗೆ'ಯನ್ನು ದಾಟಿಹೋಗುತ್ತದೆ. 'ಹೆಚ್ಚೆಂದರೆ' ಅಂಕಿಗಿಂತ ಮುಂಚೆ ಬರುವುದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

'ಮಾಡಲಾಗುವುದು', 'ವಹಿಸಲಾಗುವುದು' ಅಂತಾರೆ. ಯಾರು ಮಾಡ್ತಾರೆ ಅಂತ ನಾನೇ ಹಾಕಬಹುದಾ?

ಆದೇಶದಲ್ಲೇ ಬೇರೆ ಕಡೆ ಹೇಳಿದ್ದರೆ ಹಾಕಿ. 'ಆದೇಶಿಸಲಾಗಿದೆ' ಅನ್ನುವುದನ್ನು 'ಸರ್ಕಾರ ಆದೇಶಿಸಿದೆ' ಅನ್ನಲು ಯೋಚಿಸಬೇಕಿಲ್ಲ, ಅದು ಸರ್ಕಾರದ್ದೇ ಆದೇಶ.

ಇಲ್ಲದ ಕಡೆ ಊಹಿಸಬೇಡಿ. ನಮ್ಮ ಮೊದಲ ಷರತ್ತನ್ನು ಇನ್ನೊಮ್ಮೆ ಓದಿ: 'ಅರ್ಜಿಯನ್ನು ಸಲ್ಲಿಸತಕ್ಕದ್ದು'. ಯಾರಿಗೆ? ಹೇಳಿಲ್ಲ! ಮಂಜೂರು ಮಾಡುವವರು ತಹಶೀಲ್ದಾರರು, ಹಾಗಾಗಿ ಅರ್ಜಿಯೂ ತಾಲ್ಲೂಕು ಕಚೇರಿಗೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಇಲಾಖೆ ನಾಡಕಚೇರಿಯಲ್ಲೋ ಪಂಚಾಯಿತಿಯಲ್ಲೋ ಅರ್ಜಿ ತೆಗೆದುಕೊಳ್ಳುವ ವ್ಯವಸ್ಥೆ ಮಾಡಿರಬಹುದು. ನಿಮ್ಮ ನೋಟಿಸ್ ನಂಬಿ ಒಬ್ಬರು ತಾಲ್ಲೂಕಿಗೆ ಅಲೆದು, ಗಡುವು ಮುಗಿದರೆ?

ಇಂಥ ತೂತು ಕಂಡರೆ ಇಲಾಖೆಗೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಆ ಮಾಹಿತಿಯನ್ನು ಆದೇಶದ ಮಾತಿನೊಳಗೆ ಬೆರೆಸದೆ, ಕೆಳಗೆ ಬೇರೆಯಾಗಿ 'ಅರ್ಜಿ ಎಲ್ಲಿ ಕೊಡಬೇಕು' ಅಂತ ಹಾಕಿ. ಸರಳ ಮಾಡಲು ಕೂತಾಗಲೇ ಇಂಥವು ಕಣ್ಣಿಗೆ ಬೀಳುವುದು. ಬಿಗಿ ಭಾಷೆಯಲ್ಲಿ ಕರ್ತೃವಿಲ್ಲದ ವಾಕ್ಯ ಎಷ್ಟು ಸಹಜವಾಗಿ ಕಾಣುತ್ತದೆ ಅಂದರೆ, ಬರೆದವರಿಗೂ ಬಿಟ್ಟುಹೋಗಿದ್ದು ಗೊತ್ತಾಗಿರುವುದಿಲ್ಲ.

'ಪರಂತು' ಬಂದರೆ ಏನು ಮಾಡೋದು?

'ಆದರೆ' ಅಂತ ಬರೆದು, ಅದು ಯಾವ ಮಾತಿಗೆ ವಿನಾಯಿತಿಯೋ ಅದರ ಪಕ್ಕದಲ್ಲೇ ಇಡಿ. ಒಂದನೇ ಷರತ್ತಿನ 'ಪರಂತು' 30 ದಿನದ ಗಡುವಿಗೆ ಮಾತ್ರ ಸೇರಿದ್ದು. ಅದನ್ನು ಕಿತ್ತು ಕೊನೆಯಲ್ಲಿ 'ವಿಶೇಷ ಸೂಚನೆ' ಅಂತ ಹಾಕಿದರೆ, ತಹಶೀಲ್ದಾರರು ಯಾವ ಷರತ್ತನ್ನು ಬೇಕಾದರೂ ಸಡಿಲಿಸಬಹುದು ಅನ್ನುವ ಭಾವನೆ ಬರುತ್ತದೆ.

## ದಿನ, ಪದ, ಲೆಕ್ಕ

'30 ದಿನ' ಅನ್ನೋದನ್ನು 'ಒಂದು ತಿಂಗಳು' ಅಂದ್ರೆ ಏನಾಗುತ್ತೆ? ಎರಡೂ ಒಂದೇ ಅಲ್ವಾ?

ಅಲ್ಲ. ಕಾನೂನಿನಲ್ಲಿ ತಿಂಗಳು ಅಂದರೆ ಕ್ಯಾಲೆಂಡರ್ ತಿಂಗಳು. 'ಇಂಥ ದಿನದಿಂದ' ಅಂತಿದ್ದರೆ ಆ ಮೊದಲ ದಿನವನ್ನು ಬಿಟ್ಟು ಎಣಿಸುವುದು ರೂಢಿ. ಜನರಲ್ ಕ್ಲಾಸಸ್ ಆಕ್ಟಿನ ಪದ್ಧತಿಯೂ ಇದೇ.

ಮನೆ ಬಿದ್ದದ್ದು ಆಗಸ್ಟ್ 10 ಅಂತ ಇಟ್ಟುಕೊಳ್ಳಿ. 11ನೇ ತಾರೀಕು ಮೊದಲ ದಿನ. ಆಗಸ್ಟ್ 31ಕ್ಕೆ 21 ದಿನ ಆಯಿತು, ಸೆಪ್ಟೆಂಬರ್ 9ಕ್ಕೆ 30. 'ಒಂದು ತಿಂಗಳು' ಅಂತ ಬರೆದಿದ್ದರೆ ಸೆಪ್ಟೆಂಬರ್ 10ರವರೆಗೆ ಆಗುತ್ತಿತ್ತು. ನಿಮ್ಮ ನೋಟಿಸ್ ಓದಿ 10ಕ್ಕೆ ಬಂದವರ ಅರ್ಜಿ ಒಂದು ದಿನ ತಡ. ಫೆಬ್ರವರಿ 10 ಆಗಿದ್ದರೆ ಉಲ್ಟಾ: ಅಧಿಕ ವರ್ಷವಲ್ಲದಿದ್ದರೆ 30 ದಿನ ಮುಗಿಯುವುದು ಮಾರ್ಚ್ 12ಕ್ಕೆ, ಒಂದು ತಿಂಗಳು ಮುಗಿಯುವುದು ಮಾರ್ಚ್ 10ಕ್ಕೆ.

ಅಂಕಿಯನ್ನು ಮುಟ್ಟಬೇಡಿ, ಯಾವಾಗಿನಿಂದ ಎಣಿಕೆ ಅನ್ನುವುದನ್ನೂ ಮುಟ್ಟಬೇಡಿ. ಹಾನಿಯಾದ ದಿನ, ಆದೇಶದ ದಿನ, ಆದೇಶ ಕೈಸೇರಿದ ದಿನ, ಮೂರೂ ಬೇರೆ ಬೇರೆ.

ಇದೇ ಷರತ್ತಿನಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಮೊದಲ 30 ದಿನಕ್ಕೆ 'ಸಲ್ಲಿಸ'ತಕ್ಕದ್ದು ಅಂತಿದೆ, ನಂತರದ 15 ದಿನಕ್ಕೆ 'ಸ್ವೀಕೃತವಾದ' ಅಂತಿದೆ. ಮೇಲಿನ ಲೆಕ್ಕದಲ್ಲಿ ಆ 15 ದಿನ ಮುಗಿಯುವುದು ಸೆಪ್ಟೆಂಬರ್ 24ಕ್ಕೆ. 23ಕ್ಕೆ ಅಂಚೆಗೆ ಹಾಕಿದ ಅರ್ಜಿ 26ಕ್ಕೆ ಕಚೇರಿ ತಲುಪಿದರೆ ಅದು ಗಡುವಿನೊಳಗೆ ಸ್ವೀಕೃತವಾಗಿಲ್ಲ. ಎರಡಕ್ಕೂ 'ಕೊಟ್ಟ ಅರ್ಜಿ' ಅಂತ ಬರೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. 'ಕಚೇರಿಗೆ ತಲುಪಿದ ಅರ್ಜಿ' ಅನ್ನಿ.

ಅನುಮೋದನೆ, ಮಂಜೂರಾತಿ, ಸಹಮತಿ ಎಲ್ಲಕ್ಕೂ 'ಒಪ್ಪಿಗೆ' ಅಂದ್ರೆ ಸಾಕಲ್ವಾ?

ಮಾತಿಗೆ ಸಾಕು, ಆದೇಶಕ್ಕೆ ಸಾಲದು. ಆರ್ಥಿಕ ಇಲಾಖೆ ಕೊಡುವುದು ಸಹಮತಿ, ಅಂದರೆ ಖರ್ಚಿಗೆ ನಮ್ಮ ತಕರಾರಿಲ್ಲ ಅಂತ. ಕಾಮಗಾರಿಗಳಲ್ಲಿ ಆಡಳಿತಾತ್ಮಕ ಅನುಮೋದನೆ ಒಂದು ಹಂತ, ತಾಂತ್ರಿಕ ಮಂಜೂರಾತಿ ಇನ್ನೊಂದು. ಎಲ್ಲ ಸಿಕ್ಕಮೇಲೂ ಹಣ ಬಿಡುಗಡೆಯಾಗಿರಬೇಕು ಅಂತೇನಿಲ್ಲ. ಎಲ್ಲವನ್ನೂ 'ಒಪ್ಪಿಗೆ' ಮಾಡಿದರೆ, ಮೊದಲ ಹಂತ ದಾಟಿದ ರಸ್ತೆಗೆ ನಾಳೆಯೇ ಜಲ್ಲಿ ಬೀಳುತ್ತದೆ ಅಂತ ಊರು ಕಾಯುತ್ತದೆ.

ಇದಕ್ಕಿಂತ ಖಾರದ ಉದಾಹರಣೆ ನೌಕರರ ಶಿಸ್ತು ಪ್ರಕರಣಗಳದ್ದು. ಮಾತಿನಲ್ಲಿ ನಾವು 'ಕೆಲಸದಿಂದ ತೆಗೆದರು' ಅಂದುಬಿಡುತ್ತೇವೆ. ಕರ್ನಾಟಕದ 1957ರ ಶಿಸ್ತು ನಿಯಮಗಳಲ್ಲಿ 'ಸೇವೆಯಿಂದ ತೆಗೆದುಹಾಕುವುದು' ಬೇರೆ, 'ಸೇವೆಯಿಂದ ವಜಾ' ಬೇರೆ. ತೆಗೆದುಹಾಕಿದವರು ಮುಂದೆ ಸರ್ಕಾರಿ ಕೆಲಸಕ್ಕೆ ಅನರ್ಹರಾಗುವುದಿಲ್ಲ. ವಜಾ ಆದವರು ಸಾಮಾನ್ಯವಾಗಿ ಅನರ್ಹರಾಗುತ್ತಾರೆ. 'ಅಮಾನತು' ಅಂತೂ ತೆಗೆಯುವುದೇ ಅಲ್ಲ. ಸರಳ ಮಾಡಲು ಹೋಗಿ ಒಬ್ಬರ ಮುಂದಿನ ಕೆಲಸದ ದಾರಿಯನ್ನೇ ಮುಚ್ಚಿದ ಹಾಗೆ ಬರೆಯಬಾರದು.

ಮೂಲದಲ್ಲಿ ಎರಡು ಪದ ಇದ್ದರೆ ನಿಮ್ಮಲ್ಲೂ ಎರಡು ಇರಲಿ. ಮೂಲದಲ್ಲಿ ಉದ್ದಕ್ಕೂ ಒಂದೇ ಪದ ಇದ್ದರೆ ನೀವೂ ಒಂದೇ ಬಳಸಿ. 'ಪರಿಹಾರ ಧನ'ವನ್ನು ಚೆಂದಕ್ಕೆ ಒಮ್ಮೆ ಸಹಾಯಧನ, ಒಮ್ಮೆ ನೆರವು ಅಂತ ಬದಲಿಸುವುದು ಶಾಲೆಯ ಪ್ರಬಂಧಕ್ಕೆ ಸರಿ. ಇಲ್ಲಿ ಅದು ಮೂರು ಬೇರೆ ಯೋಜನೆಗಳಂತೆ ಕಾಣುತ್ತದೆ.

## ಇನ್ನೂ ಆಳಕ್ಕೆ

ಮೂಲ ಆದೇಶವೇ ಎರಡರ್ಥ ಕೊಡ್ತಿದ್ರೆ ಯಾವುದನ್ನು ಬರೆಯಲಿ?

ಎರಡೂ ಅರ್ಥ ಉಳಿಯುವ ಹಾಗೆ ಬರೆಯಿರಿ. ಕೇಳಲು ವಿಚಿತ್ರ ಅನ್ನಿಸಬಹುದು, ಯಾಕೆಂದರೆ ಸರಳ ಬರಹ ಅಂದರೆ ಸ್ಪಷ್ಟವಾಗಿರಬೇಕು ತಾನೆ. ಆದರೆ ಅರ್ಥ ತೀರ್ಮಾನಿಸುವುದು ಆದೇಶ ಹೊರಡಿಸಿದವರ ಕೆಲಸ, ಜಗಳ ಬಂದರೆ ನ್ಯಾಯಾಲಯದ ಕೆಲಸ.

ನಾಲ್ಕನೇ ಷರತ್ತು ನೋಡಿ: 'ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳ ವಿಧವೆಯರು ಹಾಗೂ ಹಿರಿಯ ನಾಗರಿಕರಿಗೆ'. ಬಡತನದ ಮಾತು ವಿಧವೆಯರಿಗೆ ಮಾತ್ರವೋ, ಹಿರಿಯ ನಾಗರಿಕರಿಗೂ ಸೇರಿಯೋ? ಕನ್ನಡದಲ್ಲಿ ವಿಶೇಷಣ ಮುಂದೆ ಬರುವುದರಿಂದ ಈ ತೊಡಕು ಪದೇ ಪದೇ ಎದುರಾಗುತ್ತದೆ. ನೀವು ಇದನ್ನು ಪಟ್ಟಿ ಮಾಡಿ, ಮೊದಲ ಸಾಲಿನಲ್ಲಿ 'ಬಡತನ ರೇಖೆಗಿಂತ ಕೆಳಗಿರುವ ಕುಟುಂಬದ ವಿಧವೆಯರು', ಎರಡನೇ ಸಾಲಿನಲ್ಲಿ 'ಹಿರಿಯ ನಾಗರಿಕರು' ಅಂತ ಹಾಕಿದಿರೋ, ತೀರ್ಪು ಕೊಟ್ಟಾಯಿತು! ಸ್ಥಿತಿವಂತ ಹಿರಿಯರಿಗೂ ಆದ್ಯತೆ ಸಿಕ್ಕಿತು. ಸಾಲು ಸಾಲಾಗಿ ಬಿಡಿಸುವುದು ಒಳ್ಳೆಯ ಅಭ್ಯಾಸವೇ, ಆದರೆ ಇಂಥ ಕಡೆ ಅದೇ ಬಲೆ.

ಹಾಗಾಗಿ ಆ ಪದಗುಚ್ಛವನ್ನು ಮೂಲದ ಕ್ರಮದಲ್ಲೇ ಬಿಡಿ, ಪಕ್ಕಕ್ಕೆ ಗುರುತು ಹಾಕಿ, ಇಲಾಖೆಗೆ ಸ್ಪಷ್ಟೀಕರಣ ಕೇಳಿ. ಕರಡು ಹಂತದಲ್ಲೇ ಇದ್ದರೆ ಅದೃಷ್ಟ: ಸಹಿಗೆ ಮುಂಚೆ ಕಡತದಲ್ಲೇ ಕೇಳಿ ಸರಿಪಡಿಸಿ.

'ನೀಡಲಾಗಿದೆ ಎಂದು ಭಾವಿಸತಕ್ಕದ್ದು' ಅಂತ ಬರುತ್ತಲ್ಲ, ಅದನ್ನು ಹೇಗೆ ಹೇಳೋದು?

'7 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅನುಮತಿ ನೀಡಲಾಗಿದೆಯೆಂದು ಭಾವಿಸತಕ್ಕದ್ದು' ಅಂದರೆ, ನಿಜವಾಗಿ ಯಾರೂ ಅನುಮತಿ ಕೊಟ್ಟಿಲ್ಲ, ಆದರೂ ಕಾನೂನಿನ ಕಣ್ಣಿಗೆ ಕೊಟ್ಟ ಹಾಗೇ. ಇದನ್ನು 'ಅನುಮತಿ ಸಿಕ್ಕಿದೆ ಅಂದುಕೊಳ್ಳಬಹುದು' ಅಂತ ಬರೆಯುವವರು ಜಾಸ್ತಿ. ಅದು ಅರ್ಜಿದಾರರ ಊಹೆಯ ಹಾಗೆ ಕೇಳಿಸುತ್ತದೆ, ಅಧಿಕಾರಿ ಒಪ್ಪದೆಯೂ ಇರಬಹುದು ಅನ್ನಿಸುತ್ತದೆ. '7 ದಿನದೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆಯೇ ಲೆಕ್ಕ' ಅಂದರೆ ಸರಿಹೋಗುತ್ತದೆ. ಈ 'ಲೆಕ್ಕ' ನಮ್ಮ ದಿನದ ಮಾತು, ಬಿಗಿಯೂ ಇದೆ.

ಇಂಗ್ಲಿಷ್ ಪ್ರತಿಯೂ ಇದೆ, ಕನ್ನಡ ಪ್ರತಿಯೂ ಇದೆ. ಯಾವುದನ್ನು ಹಿಡಿದು ಬರೆಯಲಿ?

ಸಹಿಯಾದ ಆದೇಶ ಯಾವ ಭಾಷೆಯಲ್ಲಿದೆಯೋ ಅದನ್ನು. ಆದೇಶ ಒಂದು ಕಾಯ್ದೆಯಡಿ ಹೊರಟಿದ್ದರೆ ಮಾತ್ರ ಇನ್ನೊಂದು ವಿಷಯ ನೆನಪಿಡಿ. ಅಂಥ ಆದೇಶದ ಇಂಗ್ಲಿಷ್ ಅನುವಾದ ರಾಜ್ಯಪಾಲರ ಅಧಿಕಾರದ ಮೇರೆಗೆ ರಾಜ್ಯಪತ್ರದಲ್ಲಿ ಪ್ರಕಟವಾಗಿದ್ದರೆ, ಸಂವಿಧಾನದ 348ನೇ ಅನುಚ್ಛೇದದ ಪ್ರಕಾರ ಅದೇ ಅಧಿಕೃತ ಇಂಗ್ಲಿಷ್ ಪಾಠ. ಕನ್ನಡದ ಒಂದು ಪದದ ಬಗ್ಗೆ ಅನುಮಾನ ಬಂದಾಗ ಅದನ್ನು ತೆರೆದು ನೋಡಿ. ಉದಾಹರಣೆಗೆ ಕಾಯ್ದೆಗಳ ಕನ್ನಡದಲ್ಲಿ 'ಪ್ರಕರಣ' ಅಂದರೆ ಕಲಂ. ಮಾತಿನಲ್ಲಿ ಪ್ರಕರಣ ಅಂದರೆ ಕೇಸು. 'ಪ್ರಕರಣ 5ರ ಮೇರೆಗೆ' ಅನ್ನುವುದನ್ನು 'ಐದನೇ ಕೇಸಿನಂತೆ' ಅಂತ ಬಿಡಿಸಿದರೆ ಕಥೆ ಮುಗಿಯಿತು. 'ಕಲಂ 5' ಅನ್ನಿ.

ಪೂರ್ತಿ ಬರೆದದ್ದು ಹೇಗಿರುತ್ತೆ, ಒಮ್ಮೆ ತೋರಿಸ್ತೀರಾ?

ಮೇಲಿನ ಆದೇಶವನ್ನು ನಾನು ಬರೆಯುವುದು ಹೀಗೆ:

> ಅತಿವೃಷ್ಟಿಯಿಂದ ಭಾಗಶಃ (ಪೂರ್ತಿ ಅಲ್ಲದೆ ಒಂದು ಭಾಗ ಮಾತ್ರ) ಹಾನಿಯಾದ ವಾಸದ ಮನೆಗಳ ಮಾಲೀಕರಿಗೆ ಹೆಚ್ಚೆಂದರೆ 50,000 ರೂಪಾಯಿ ಪರಿಹಾರ ಧನ ಮಂಜೂರು ಮಾಡುವ ಅಧಿಕಾರವನ್ನು ಸರ್ಕಾರ ಸಂಬಂಧಪಟ್ಟ ತಹಶೀಲ್ದಾರರಿಗೆ ವಹಿಸಿಕೊಟ್ಟಿದೆ. ಇದಕ್ಕೆ ನಾಲ್ಕು ಷರತ್ತುಗಳಿವೆ.
>
> 1. ಹಾನಿಯಾದ ದಿನದಿಂದ 30 ದಿನದೊಳಗೆ ಪರಿಹಾರ ಧನಕ್ಕೆ ಅರ್ಜಿ ಸಲ್ಲಿಸಬೇಕು. ಆದರೆ ತಡವಾದದ್ದಕ್ಕೆ ಸಮರ್ಥನೀಯ ಕಾರಣ ಇದ್ದರೆ, ಆಮೇಲಿನ 15 ದಿನದೊಳಗೆ ತಲುಪಿದ ಅರ್ಜಿಯನ್ನು ಪರಿಗಣಿಸುವ ಅಧಿಕಾರ ತಹಶೀಲ್ದಾರರಿಗೆ ಇದೆ. ಹಾಗೆ ಪರಿಗಣಿಸುವಾಗ ಅವರು ಕಾರಣಗಳನ್ನು ಬರೆದು ದಾಖಲಿಸಬೇಕು.
>
> 2. ಹಾನಿ ಎಷ್ಟು ಅನ್ನುವುದನ್ನು ಕಂದಾಯ ನಿರೀಕ್ಷಕರು ಮತ್ತು ಸಹಾಯಕ ಇಂಜಿನಿಯರ್ ಇಬ್ಬರೂ ಒಟ್ಟಾಗಿ ಸ್ಥಳಕ್ಕೆ ಹೋಗಿ ನೋಡಿ ದೃಢೀಕರಿಸಬೇಕು.
>
> 3. ಇದೇ ಹಾನಿಗೆ ಬೇರೆ ಯಾವುದೇ ಯೋಜನೆಯಲ್ಲಿ ಪರಿಹಾರ ಪಡೆದಿರುವವರು ಅರ್ಹರಲ್ಲ.
>
> 4. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳ ವಿಧವೆಯರು ಹಾಗೂ ಹಿರಿಯ ನಾಗರಿಕರಿಗೆ ಆದ್ಯತೆ ಕೊಡಬೇಕು.

ಉದ್ದ ಬಹಳವೇನೂ ಕಡಿಮೆಯಾಗಿಲ್ಲ, ಗಮನಿಸಿ. ಒಂದನೇ ಷರತ್ತಂತೂ ಎರಡು ವಾಕ್ಯದಿಂದ ಮೂರಕ್ಕೆ ಬೆಳೆದಿದೆ. 'ಸಮರ್ಥನೀಯ' ನನಗೆ ಇಷ್ಟವಿಲ್ಲದ ಪದ, ಆದರೂ ಉಳಿಸಿದ್ದೇನೆ. 'ಸರಿಯಾದ ಕಾರಣ' ಅಂದರೆ ಅಳತೆ ಬದಲಾಗುತ್ತದೆ ಅನ್ನುವ ಅನುಮಾನ ಹೋಗಲಿಲ್ಲ. ಮೂರನೆಯದರಲ್ಲಿ 'ಪಡೆದಿರುವವರು' ಹಾಗೇ ಇದೆ. ಬೇರೆ ಯೋಜನೆಗೆ ಅರ್ಜಿ ಹಾಕಿ ಕಾಯುತ್ತಿರುವವರನ್ನು ಮೂಲ ಹೊರಗಿಟ್ಟಿಲ್ಲ, ನಾನೂ ಇಟ್ಟಿಲ್ಲ.

ಅರ್ಥ ಕೆಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ?

'ಓದಿ, ಅರ್ಥವಾಯ್ತಾ' ಅಂತ ಕೇಳಿದರೆ ಎಲ್ಲರೂ ಆಯ್ತು ಅಂತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಅಂಚಿನಲ್ಲಿ ನಿಂತಿರುವ ಒಂದಷ್ಟು ಸಂದರ್ಭಗಳನ್ನು ಕಟ್ಟಿ. ಬಾಡಿಗೆ ಮನೆಯಲ್ಲಿರುವವರು ಅರ್ಜಿ ಹಾಕಬಹುದಾ? ಇಡೀ ಮನೆ ನೆಲಸಮವಾಗಿದ್ದರೆ? 40ನೇ ದಿನ ಬಂದ ಅರ್ಜಿಯನ್ನು ತಹಶೀಲ್ದಾರರು ತೆಗೆದುಕೊಳ್ಳಲೇಬೇಕಾ? ಇಂಜಿನಿಯರ್ ಒಬ್ಬರೇ ಬಂದು ನೋಡಿಹೋದರೆ ನಡೆಯುತ್ತಾ? 20,000 ರೂಪಾಯಿಯ ಹಾನಿಗೆ 50,000 ಕೊಡಲೇಬೇಕಾ?

ಈ ಪ್ರಶ್ನೆಗಳನ್ನು ಇಬ್ಬರಿಗೆ ಕೊಡಿ. ಆದೇಶಗಳನ್ನು ದಿನವೂ ನೋಡುವ ವಿಷಯ ನಿರ್ವಾಹಕರಿಗೆ ಮೂಲ ಆದೇಶ ಮಾತ್ರ, ಕಚೇರಿಯ ಸಹವಾಸವೇ ಇಲ್ಲದವರಿಗೆ ನಿಮ್ಮ ಬರಹ ಮಾತ್ರ. ಇಬ್ಬರ ಉತ್ತರವೂ ಒಂದೇ ಆಗಬೇಕು, 'ಆದೇಶದಲ್ಲಿ ಹೇಳಿಲ್ಲ' ಅನ್ನುವ ಉತ್ತರವೂ ಸೇರಿ. ಅರ್ಜಿ ಎಲ್ಲಿ ಕೊಡಬೇಕು ಅಂತ ಕೇಳಿದಾಗ ನಿಮ್ಮ ಬರಹ ಓದಿದವರು 'ತಾಲ್ಲೂಕು ಕಚೇರಿಯಲ್ಲಿ' ಅಂತ ಥಟ್ಟನೆ ಹೇಳಿದರೆ, ಮೂಲದಲ್ಲಿ ಇಲ್ಲದ್ದು ಎಲ್ಲಿಂದಲೋ ನುಸುಳಿದೆ. ಎಲ್ಲಿಂದ ಅಂತ ಅವರನ್ನೇ ಕೇಳಿ. ಬೆರಳಿಟ್ಟು ತೋರಿಸುವ ಸಾಲನ್ನು ಮತ್ತೆ ಬರೆಯಿರಿ.